ಐದು, ಏಳು, ಐದು: ಶಾಲಾ ಪತ್ರಿಕೆಗೆ ಪ್ರಕೃತಿ ಪದಗಳ ಮೂರು ಸಾಲಿನ ಕವಿತೆ – ಪದೇ ಪದೇ ಕೇಳುವ ಪ್ರಶ್ನೆಗಳು

ಮೂರು ಸಾಲು. ಮೊದಲ ಸಾಲಿಗೆ ಐದು ಅಕ್ಷರ, ಎರಡನೆಯದಕ್ಕೆ ಏಳು, ಮೂರನೆಯದಕ್ಕೆ ಮತ್ತೆ ಐದು. ಒಳಗೆ ಬರುವುದೆಲ್ಲ ಪ್ರಕೃತಿಗೆ ಸೇರಿದ ಪದ. ನಿಯಮ ಇಷ್ಟೇ. ಬರೆಯಲು ಕೂತ ಮಕ್ಕಳೂ, ಬರೆದದ್ದನ್ನು ತಿದ್ದುವ ಮೇಷ್ಟ್ರು, ಮೇಡಂಗಳೂ ಎಡವುವ ಜಾಗಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಈ ಅಳತೆ ಎಲ್ಲಿಂದ ಬಂತು?

ಜಪಾನಿನ ಹೈಕುವಿನಿಂದ. ಅಲ್ಲಿ ಹಲವರು ಸೇರಿ ಸರಪಳಿಯಂತೆ ಕಟ್ಟುವ ಒಂದು ಉದ್ದ ಕವಿತೆ ಇತ್ತು. ಅದರ ಮೊದಲ ಮೂರು ತುಂಡುಗಳೇ ಕ್ರಮೇಣ ಬೇರೆಯಾಗಿ ನಿಂತವು. ಹದಿನೇಳನೇ ಶತಮಾನದ ಬಾಶೋ ಇದನ್ನು ದೊಡ್ಡ ಕಾವ್ಯವಾಗಿಸಿದ. ‘ಹೈಕು’ ಎಂಬ ಹೆಸರನ್ನು ಬಳಕೆಗೆ ತಂದವನು ಆಮೇಲೆ ಬಂದ ಮಸಾಓಕಾ ಶಿಕಿ (1867–1902).

ನಮ್ಮ ತ್ರಿಪದಿಗೂ ಮೂರೇ ಸಾಲು. ಆದರೆ ಅದರ ಲೆಕ್ಕ ಗಣದ್ದು, ಅಕ್ಷರದ್ದಲ್ಲ. ಎರಡನ್ನೂ ಬೆರೆಸಲು ಹೋಗಬೇಡಿ.

ಅಕ್ಷರ ಎಣಿಸುವುದು ಹೇಗೆ? ಒತ್ತಕ್ಷರ ಒಂದಾ, ಎರಡಾ?

ಒಂದು. ಬಾಯಿಬಿಟ್ಟು ಹೇಳುವಾಗ ಒಂದು ಸ್ವರಕ್ಕೆ ಒಂದು ಅಕ್ಷರ. ಅದಕ್ಕೆ ಎಷ್ಟು ಒತ್ತು ಕೊಟ್ಟರೂ ಎಣಿಕೆ ಏರುವುದಿಲ್ಲ. ‘ಕಪ್ಪೆ’ ಎಂದರೆ ಕ, ಪ್ಪೆ: ಎರಡು. ‘ಇಬ್ಬನಿ’ ಎಂದರೆ ಇ, ಬ್ಬ, ನಿ: ಮೂರು. ‘ನಕ್ಷತ್ರ’ ನೋಡಲು ಭಾರವಾಗಿದ್ದರೂ ನ, ಕ್ಷ, ತ್ರ: ಮೂರೇ.

ಸೊನ್ನೆಯನ್ನು ಬೇರೆಯಾಗಿ ಎಣಿಸುವುದಿಲ್ಲ. ಅದು ಹಿಂದಿನ ಅಕ್ಷರದ ಜೊತೆಗೇ ಹೋಗುತ್ತದೆ. ಹಾಗಾಗಿ ‘ಮಂಜು’ ಎರಡು. ದೀರ್ಘವೂ ಒಂದೇ: ‘ಗಾಳಿ’ ಎರಡು. ಪದದ ಕೊನೆಯಲ್ಲಿ ಸ್ವರವಿಲ್ಲದೆ ನಿಲ್ಲುವ ಅರೆ ಅಕ್ಷರಕ್ಕೆ ಲೆಕ್ಕದಲ್ಲಿ ಜಾಗವಿಲ್ಲ. ಹನಿ ಬೀಳುವ ಸದ್ದು ‘ಟಪ್’ ಎಂದು ಬರೆದರೆ ಅದು ಒಂದೇ ಅಕ್ಷರ.

ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಅದು ತೋರಿಸುವ ಎಣಿಕೆ ನೋಡಿ ಸಮಾಧಾನ ಪಡುವವರು ಇದ್ದಾರೆ. ಅದನ್ನು ನಂಬಬೇಡಿ. ಕಂಪ್ಯೂಟರ್ ಕಾಗುಣಿತದ ಚಿಹ್ನೆಯನ್ನೂ ಅರೆ ಅಕ್ಷರದ ಚಿಹ್ನೆಯನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಅದರ ಒಳಗೆ ‘ಕಪ್ಪೆ’ ಐದು ತುಂಡು: ಕ, ಪ, ಅರೆ ಚಿಹ್ನೆ, ಪ, ಎತ್ವ. ಬೆರಳು ಮಡಚಿ ಎಣಿಸುವುದೇ ವಾಸಿ.

ಜಪಾನಿಯರು ಎಣಿಸುವುದೂ ಇದನ್ನೇ ಅಲ್ವಾ?

ಅಲ್ಲ. ಅವರ ಎಣಿಕೆ ನಮ್ಮ ಮಾತ್ರೆಗೆ ಹತ್ತಿರ. ದೀರ್ಘಕ್ಕೆ ಎರಡು, ಕೊನೆಯ ‘ನ್’ಗೂ ಒಂದು, ಒತ್ತಿಗೂ ಒಂದು. ‘ನಿಪ್ಪೋನ್’ ಎಂದು ನಾವು ಕರೆಯುವ ಅವರ ದೇಶದ ಹೆಸರು ನಮ್ಮ ಲೆಕ್ಕದಲ್ಲಿ ಎರಡು ಅಕ್ಷರ, ಅವರ ಲೆಕ್ಕದಲ್ಲಿ ನಾಲ್ಕು.

ಹಾಗಾದರೆ ನಾವೂ ಮಾತ್ರೆ ಎಣಿಸಬೇಕಾ? ಎಣಿಸಬಹುದು, ಆದರೆ ಶಾಲಾ ಪತ್ರಿಕೆಗೆ ನಾನು ಬೇಡ ಎನ್ನುತ್ತೇನೆ. ಮಾತ್ರೆ ಎಣಿಸಲು ಲಘು ಗುರು ಗೊತ್ತಿರಬೇಕು. ಐದನೇ ತರಗತಿಯ ಮಗುವಿಗೆ ಅದು ತಲೆನೋವು. ಜೊತೆಗೆ ಏಳು ಮಾತ್ರೆಯಲ್ಲಿ ಕನ್ನಡ ತುಂಬ ಇಕ್ಕಟ್ಟಾಗುತ್ತದೆ. ಯಾವುದನ್ನೇ ಆರಿಸಿ, ಇಡೀ ಪುಟಕ್ಕೆ ಒಂದೇ ಲೆಕ್ಕ ಇರಲಿ. ಒಂದು ಕವಿತೆ ಅಕ್ಷರದಲ್ಲಿ, ಪಕ್ಕದ್ದು ಮಾತ್ರೆಯಲ್ಲಿ ಇದ್ದರೆ ಓದುವವರಿಗೆ ಎರಡೂ ತಪ್ಪಾಗಿ ಕಾಣುತ್ತವೆ.

‘ಪ್ರಕೃತಿ ಪದ ಮಾತ್ರ’ ಅಂದರೆ ಕ್ರಿಯಾಪದವೂ ಇರಬಾರದಾ?

ಇದನ್ನು ಪತ್ರಿಕೆಯವರು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಕೊನೆಗೆ ಜಗಳ ಗ್ಯಾರಂಟಿ.

ತೀರಾ ಬಿಗಿಯಾದ ರೀತಿಯೊಂದಿದೆ: ಬರೀ ನಾಮಪದ, ಪ್ರತ್ಯಯವೂ ಇಲ್ಲ. ಹಾಗೆ ಬರೆದಾಗ ಸಾಮಾನ್ಯವಾಗಿ ಹೀಗಾಗುತ್ತದೆ:

ಹೂವು ನಕ್ಷತ್ರ
ನದಿ ಚಿಟ್ಟೆ ಕಡಲು
ಮಂಜು ಬಿಸಿಲು

ಎಣಿಕೆ ಸರಿ. ಎಲ್ಲವೂ ಪ್ರಕೃತಿಯೇ. ಆದರೆ ಯಾವ ಸಾಲನ್ನು ಎಲ್ಲಿಟ್ಟರೂ ಏನೂ ಬದಲಾಗುವುದಿಲ್ಲ. ಸುಮ್ನೆ ಪಟ್ಟಿ. ಅದೇ ಬಿಗಿ ನಿಯಮದಲ್ಲೇ ಇನ್ನೊಂದು ನೋಡಿ:

ಮೋಡ ಗುಡುಗು
ಮಿಂಚು ಮಳೆ ಬಿಸಿಲು
ಕೆಸರು ಕಪ್ಪೆ

ಇಲ್ಲೂ ಕ್ರಿಯಾಪದ ಒಂದೂ ಇಲ್ಲ. ಆದರೂ ಹೊತ್ತು ಸಾಗುತ್ತದೆ. ಮೋಡ ಕವಿಯಿತು, ಮಳೆ ಬಂತು, ನಿಂತಿತು, ಕಪ್ಪೆ ಹೊರಗೆ ಬಂತು. ಸಾಲು ಅದಲು ಬದಲು ಮಾಡಿದರೆ ಕವಿತೆ ಕೆಡುತ್ತದೆ. ಬಿಗಿ ನಿಯಮದಲ್ಲಿ ಬರೆಯುವವರು ಮಾಡಿ ನೋಡಬೇಕಾದ ಪರೀಕ್ಷೆ ಇದೊಂದೇ.

ಮಕ್ಕಳಿಗೆ ನಾನು ಹೇಳುವುದು ಸ್ವಲ್ಪ ಸಡಿಲ ನಿಯಮ. ಹೆಸರುಗಳೆಲ್ಲ ಪ್ರಕೃತಿಯಲ್ಲಿ ಕಣ್ಣಿಗೆ, ಕಿವಿಗೆ, ಮೂಗಿಗೆ ಸಿಗುವಂಥವು ಆಗಿರಲಿ. ಕ್ರಿಯಾಪದಗಳು ಪ್ರಕೃತಿ ತಾನೇ ಮಾಡುವಂಥವು ಆಗಿರಲಿ: ಬೀಸು, ಅರಳು, ಉದುರು, ಹರಿ, ಹಾರು. ವಿಭಕ್ತಿ ಪ್ರತ್ಯಯ, ಸಂಖ್ಯೆ, ಬಣ್ಣ, ‘ಸಾಲು’, ‘ಇನ್ನೂ’ ಥರದ ಸಣ್ಣ ಪದಗಳಿಗೆ ಅಡ್ಡಿಯಿಲ್ಲ. ನಾನು, ಮನಸ್ಸು, ಸಂತೋಷ, ಸುಂದರ, ದೋಣಿ, ದೀಪ, ಕೊಡೆ ಇವು ಹೊರಗೆ.

‘ಪ್ರಕೃತಿ’ ಎಂಬ ಪದವನ್ನೂ ಹೊರಗಿಡಿ. ಅದು ಮೂರು ಅಕ್ಷರ ನುಂಗುತ್ತದೆ, ಏನನ್ನೂ ತೋರಿಸುವುದಿಲ್ಲ. ‘ಮರ ಅಳುತ್ತಿದೆ’, ‘ಗಾಳಿ ಹಾಡುತ್ತಿದೆ’ ಎಂಬಂಥವು ಗಡಿಯ ಮೇಲಿನವು. ಅಳುವುದು, ಹಾಡುವುದು ಮನುಷ್ಯರ ಕೆಲಸ. ನಾನಾಗಿದ್ದರೆ ಬಿಡುವುದಿಲ್ಲ. ಹಕ್ಕಿ ಹಾಡಿದರೆ ಮಾತ್ರ ತಕರಾರಿಲ್ಲ.

ಎಷ್ಟು ತಿಣುಕಿದರೂ ಸಾಲು ನಾಲ್ಕಾಗುತ್ತದೆ, ಇಲ್ಲವೇ ಆರಾಗುತ್ತದೆ. ಯಾಕೆ?

ಇದಕ್ಕೆ ಸರಿಯಾದ ಕಾರಣವೇ ಇದೆ. ಕನ್ನಡದ ಪ್ರಕೃತಿ ಪದಗಳಲ್ಲಿ ಬಹಳಷ್ಟು ಎರಡಕ್ಷರದವು. ಮಳೆ, ಗಾಳಿ, ಮರ, ಎಲೆ, ಹನಿ, ಮೋಡ, ಹಕ್ಕಿ, ಕೆರೆ, ಮಣ್ಣು, ಹುಲ್ಲು, ಬೇರು, ಹೂವು, ಅಲೆ, ಬಂಡೆ. ಎರಡನ್ನು ಎಷ್ಟು ಸಲ ಕೂಡಿಸಿದರೂ ಬರುವುದು ಸಮಸಂಖ್ಯೆ. ನಿಮಗೆ ಬೇಕಿರುವುದು ಐದು, ಏಳು, ಐದು: ಮೂರೂ ಬೆಸ.

ಅಂದರೆ ಪ್ರತಿ ಸಾಲಿಗೂ ಬೆಸ ಅಕ್ಷರದ ಪದ ಒಂದಾದರೂ ಬೇಕೇ ಬೇಕು. ಐದಕ್ಕೆ ಎರಡು ಮತ್ತು ಮೂರು. ಏಳಕ್ಕೆ ಎರಡು, ಎರಡು, ಮೂರು. ಆದ್ದರಿಂದ ಬರೆಯುವ ಮೊದಲು ಮೂರಕ್ಷರದ ಪದಗಳನ್ನು ಒಂದು ಕಡೆ ಗುಡ್ಡೆ ಹಾಕಿಕೊಳ್ಳಿ. ಬಿಸಿಲು, ನೆರಳು, ಇರುಳು, ಬೆಳಕು, ಗುಡುಗು, ಇಬ್ಬನಿ, ಚಿಗುರು, ಇರುವೆ, ನವಿಲು, ಮರಳು, ಕಡಲು, ಕೆಸರು, ತಾವರೆ. ಇಷ್ಟು ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನೊಂದು ದಾರಿ ಪ್ರತ್ಯಯ. ಎರಡಕ್ಷರದ ಪದಕ್ಕೆ ಒಂದು ಅಕ್ಷರ ಅಂಟಿಸಿದರೆ ಅದೇ ಮೂರಾಗುತ್ತದೆ: ಮರದ, ಹನಿಯ, ಎಲೆಗೆ. ಕ್ರಿಯಾಪದದಿಂದಲೂ ಬೆಸ ಸಿಗುತ್ತದೆ: ಹಾರುವ, ಬೀಸಿತು, ಅರಳಿ.

ಸಾಲು ಉದ್ದವಾದರೆ ಎಲ್ಲಿ ಕತ್ತರಿಸಬೇಕು?

ಮೊದಲು ಬಹುವಚನ ನೋಡಿ. ‘ಎಲೆಗಳು’ ನಾಲ್ಕು ಅಕ್ಷರ, ‘ಎಲೆ’ ಎರಡೇ. ಎಲೆ ಉದುರಿತು ಎಂದರೆ ಕನ್ನಡದಲ್ಲಿ ಒಂದೇ ಎಲೆ ಎಂದೇನೂ ಅರ್ಥವಾಗಬೇಕಿಲ್ಲ.

ಆಮೇಲೆ ಕ್ರಿಯಾಪದದ ಬಾಲ. ‘ಹಾರುತ್ತಿರುವ’ ಐದು ಅಕ್ಷರ, ಒಂದು ಇಡೀ ಸಾಲನ್ನೇ ತಿಂದುಹಾಕುತ್ತದೆ. ‘ಹಾರುವ’ ಮೂರು. ‘ಹಾರುವ ಹಕ್ಕಿ’ ಎಂದರೆ ಸಾಲು ಮುಗಿಯಿತು.

ಮೂರನೆಯದು ಸಂಧಿ. ‘ಮರದಲ್ಲಿ ಒಂದು ಹಕ್ಕಿ’ ಎಂದರೆ ಎಂಟು. ‘ಮರದಲ್ಲೊಂದು ಹಕ್ಕಿ’ ಎಂದರೆ ಏಳು. ಸ್ವರಕ್ಕೆ ಸ್ವರ ಸೇರಿ ಒಂದು ಲೋಪವಾದಾಗ ಒಂದು ಅಕ್ಷರ ಉಳಿಯುತ್ತದೆ. ನಡುವೆ ಯ ಅಥವಾ ವ ಬರುವ ಆಗಮ ಸಂಧಿಯಲ್ಲಿ ಏನೂ ಉಳಿಯುವುದಿಲ್ಲ.

ಹಾಡಿನಲ್ಲಿ ಕೇಳಿದ ರೂಢಿಯಿಂದ ಮಕ್ಕಳು ‘ಮರದಲ್ಲಿ’ಯನ್ನು ‘ಮರದಲಿ’ ಮಾಡಿ, ಉಳಿತಾಯವಾಯಿತು ಅಂದುಕೊಳ್ಳುತ್ತಾರೆ. ಎಣಿಸಿ ನೋಡಿ. ಅದೂ ನಾಲ್ಕು, ಇದೂ ನಾಲ್ಕು. ಒತ್ತು ತೆಗೆದರೆ ಮಾತ್ರೆ ಕಡಿಮೆಯಾಗುತ್ತದೆಯೇ ಹೊರತು ಅಕ್ಷರವಲ್ಲ.

ಒಂದು ಕವಿತೆಯನ್ನು ಮೊದಲಿನಿಂದ ಕೊನೆಯವರೆಗೆ ತಿದ್ದಿ ತೋರಿಸಬಹುದಾ?

ಮಕ್ಕಳ ಮೊದಲ ಕರಡು ಹೆಚ್ಚುಕಡಿಮೆ ಹೀಗಿರುತ್ತದೆ:

ಸುಂದರವಾದ ಪ್ರಕೃತಿ
ಮಳೆ ಬಂದಾಗ ಮನಸ್ಸಿಗೆ ಸಂತೋಷ
ಎಲ್ಲೆಲ್ಲೂ ಹಸಿರು

ಎಣಿಸಿದರೆ ಎಂಟು, ಹನ್ನೆರಡು, ಆರು. ಆದರೆ ಇಲ್ಲಿ ಕತ್ತರಿ ಹಿಡಿದು ಪ್ರಯೋಜನವಿಲ್ಲ. ನಿಯಮಕ್ಕೆ ಹೊಂದದ ಪದಗಳನ್ನು ಮೊದಲು ಹೊಡೆದುಹಾಕಿ: ಸುಂದರವಾದ, ಪ್ರಕೃತಿ, ಮನಸ್ಸಿಗೆ, ಸಂತೋಷ. ಉಳಿದದ್ದು ಮಳೆ ಮತ್ತು ಹಸಿರು. ಎರಡೂ ಯಾರು ಬೇಕಾದರೂ ಕಣ್ಣುಮುಚ್ಚಿ ಬರೆಯಬಹುದಾದವು.

ಈಗ ಮಗುವನ್ನು ಕೇಳಬೇಕಾದ ಪ್ರಶ್ನೆ ಒಂದೇ. ಮಳೆ ನಿಂತ ಮೇಲೆ ನೀನು ಹತ್ತಿರ ಹೋಗಿ ನೋಡಿದ್ದು ಏನು? ‘ಜೇಡರಬಲೆ ಮೇಲೆ ನೀರು ಇತ್ತು’ ಎಂದಿತು ಅಂತಿಟ್ಟುಕೊಳ್ಳಿ. ಸಾಕು. ಜೇ, ಡ, ರ, ಬ, ಲೆ: ಐದು. ಮೊದಲ ಸಾಲು ತಾನಾಗಿಯೇ ಸಿಕ್ಕಿತು.

ಎರಡನೇ ಸಾಲಿಗೆ ಮಗು ‘ಮಳೆಹನಿಗಳ ಸಾಲು’ ಎಂದು ಬರೆಯುತ್ತದೆ. ಎಂಟಾಯಿತು. ಬಹುವಚನ ತೆಗೆಯಿರಿ: ‘ಮಳೆಹನಿಯ ಸಾಲು’. ಮ, ಳೆ, ಹ, ನಿ, ಯ, ಸಾ, ಲು. ಏಳು. ಸಾಲು ಎಂದ ಮೇಲೆ ಹನಿ ಒಂದಕ್ಕಿಂತ ಜಾಸ್ತಿ ಇದೆ ಎಂದು ಗೊತ್ತಾಗಿಯೇ ಆಗುತ್ತದೆ.

ಮೂರನೇ ಸಾಲು ಬಂದಾಗ ಹತ್ತರಲ್ಲಿ ಎಂಟು ಮಕ್ಕಳು, ದೊಡ್ಡವರೂ ಸೇರಿ, ಇದನ್ನೇ ಬರೆಯುತ್ತಾರೆ:

ಜೇಡರಬಲೆ
ಮಳೆಹನಿಯ ಸಾಲು
ಮುತ್ತಿನ ಹಾರ

ಎಣಿಕೆ ಪಕ್ಕಾ ಐದು. ಆದರೂ ಇದು ಬೇಡ. ಮುತ್ತು ಕಡಲಿನದ್ದು, ಒಪ್ಪೋಣ. ಹಾರ ಮನುಷ್ಯ ಪೋಣಿಸಿದ್ದು. ಅಲ್ಲಿ ನಿಯಮ ಮುರಿಯಿತು. ಅದಕ್ಕಿಂತ ಮುಖ್ಯವಾದ ತೊಂದರೆ ಇನ್ನೊಂದಿದೆ. ಓದುವವರು ಬಲೆಯನ್ನು ನೋಡುತ್ತಿದ್ದರು. ‘ಹಾರ’ ಎಂದ ಕೂಡಲೇ ಬಲೆ ಕಣ್ಣಿಂದ ಮರೆಯಾಗಿ ಒಡವೆ ಬಂದು ಕೂರುತ್ತದೆ. ಹೋಲಿಕೆ ಮಾಡಿದ ಕಡೆ ಕವಿತೆ ಮುಗಿದುಹೋಗುತ್ತದೆ, ಓದುಗರಿಗೆ ಮಾಡಲು ಏನೂ ಉಳಿಯುವುದಿಲ್ಲ.

ಹಾಗಾಗಿ ಮತ್ತೆ ಬಲೆಯ ಹತ್ತಿರವೇ ಹೋಗಿ. ಆಮೇಲೆ ಏನಾಯಿತು?

ಜೇಡರಬಲೆ
ಮಳೆಹನಿಯ ಸಾಲು
ಗಾಳಿ ಬೀಸಿತು

ಗಾ, ಳಿ, ಬೀ, ಸಿ, ತು. ಐದು. ಹನಿ ಉದುರಿತು ಎಂದು ಎಲ್ಲೂ ಬರೆದಿಲ್ಲ, ಆದರೂ ಓದುವವರಿಗೆ ಅದು ಕಾಣುತ್ತದೆ. ಮೂರೂ ಸಾಲಿನಲ್ಲಿ ಬೆಸ ಎಲ್ಲಿಂದ ಬಂತು ಎಂದೂ ಗಮನಿಸಿ: ಜೇಡರ, ಹನಿಯ, ಬೀಸಿತು. ಉಳಿದದ್ದೆಲ್ಲ ಎರಡಕ್ಷರದ ಪದಗಳೇ. ಇದೇ ಕವಿತೆಯನ್ನು ಮಾತ್ರೆಯಲ್ಲಿ ಎಣಿಸಿದರೆ ಆರು, ಎಂಟು, ಏಳು ಬರುತ್ತದೆ. ಎರಡು ಲೆಕ್ಕ ಬೆರೆಸಬೇಡಿ ಎಂದದ್ದು ಇದಕ್ಕೇ.

‘ಬಲೆಯೂ ಮನುಷ್ಯ ಮಾಡಿದ್ದಲ್ವಾ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮೀನಿನ ಬಲೆ ಮನುಷ್ಯನದ್ದು. ಜೇಡರಬಲೆ ಜೇಡನದ್ದು.

ಎಣಿಕೆ ಸರಿ, ಪದಗಳೂ ಸರಿ. ಆದರೂ ಕವಿತೆ ಅನ್ನಿಸುತ್ತಿಲ್ಲ. ಏನು ತಪ್ಪು?

ಬಹುಪಾಲು ಸಲ ಅದು ಮೂರು ತುಂಡು ಮಾಡಿದ ಒಂದು ವಾಕ್ಯವಾಗಿರುತ್ತದೆ. ಉದಾಹರಣೆಗೆ:

ಮರದ ಮೇಲೆ
ಕುಳಿತಿದ್ದ ಹಕ್ಕಿಯು
ಹಾರಿಹೋಯಿತು

ಒಂದೇ ಉಸಿರಿನಲ್ಲಿ ಓದಿ ನೋಡಿ. ಪಠ್ಯಪುಸ್ತಕದ ಒಂದು ವಾಕ್ಯ, ಅಷ್ಟೇ. ಎಲ್ಲೂ ನಿಲ್ಲಬೇಕು ಅನ್ನಿಸುವುದಿಲ್ಲ. ಹೈಕುವಿನಲ್ಲಿ ಒಂದು ಕಡೆ ಮಾತು ಕಡಿಯಬೇಕು. ಜಪಾನಿಯರಿಗೆ ಅದಕ್ಕೆಂದೇ ಚಿಕ್ಕ ಚಿಕ್ಕ ಪದಗಳಿವೆ. ನಮಗೆ ಸಾಲು ಮುರಿಯುವುದೇ ಸಾಕು. ಒಂದೋ ಮೊದಲ ಸಾಲಿನ ನಂತರ, ಇಲ್ಲವೇ ಎರಡನೆಯದರ ನಂತರ ಕಡಿಯಿರಿ. ಕಡಿದ ಆಚೆ ಬದಿಯಲ್ಲಿ ಬೇರೊಂದು ನೋಟ ಇರಲಿ.

ಹಾರಿತು ಹಕ್ಕಿ
ಇನ್ನೂ ತೂಗುವ ರೆಂಬೆ
ಒಂದೇ ಹಣ್ಣೆಲೆ

ಈಗ ಹಕ್ಕಿ ಮೊದಲ ಸಾಲಿನಲ್ಲೇ ಹೋಯಿತು. ಕಣ್ಣು ರೆಂಬೆಯ ಮೇಲೆ ಉಳಿಯಿತು. ಹಣ್ಣಾದ ಆ ಎಲೆ ಬೀಳುತ್ತದೋ ಇಲ್ಲವೋ ಗೊತ್ತಿಲ್ಲ. ‘ಹಣ್ಣು ಎಲೆ’ ಎಂದು ಬಿಡಿಸಿದ್ದರೆ ಆರಾಗುತ್ತಿತ್ತು, ಸಂಧಿ ಕಾಪಾಡಿತು.

‘ಹಕ್ಕಿಯು’ ಎಂಬಲ್ಲಿನ ‘ಯು’ ಕೂಡ ನೋಡಿ. ಎಣಿಕೆ ತುಂಬಿಸಲು ಬಂದ ಅಕ್ಷರ ಅದು. ಮಾತಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಅಹಾ, ಓ, ತಾ ಎಂಬಂಥವೂ ಇದೇ ಜಾತಿ. ತೆಗೆದಾಗ ಅರ್ಥ ಕೆಡದಿದ್ದರೆ ಅದು ಬರೀ ತುಂಬಿದ ಅಕ್ಷರ ಎಂದೇ ಲೆಕ್ಕ.

ಋತು ಇರಲೇಬೇಕಾ?

ಜಪಾನಿ ಸಂಪ್ರದಾಯದಲ್ಲಿ ಋತುವನ್ನು ಸೂಚಿಸುವ ಒಂದು ಪದ ಇರುತ್ತದೆ. ಅಲ್ಲಿ ಕಪ್ಪೆ ಎಂದರೆ ವಸಂತ. ಆ ಪಟ್ಟಿಯನ್ನು ನೀವು ಉರು ಹೊಡೆಯಬೇಕಿಲ್ಲ. ಮಗು ತಾನು ನೋಡಿದ್ದನ್ನು ಬರೆದರೆ ಋತು ತಾನಾಗಿಯೇ ಬರುತ್ತದೆ. ಒಂದೇ ಕವಿತೆಯಲ್ಲಿ ಎರಡು ಋತು ಬೆರೆತಿಲ್ಲವೇ ಎಂದಷ್ಟೇ ನೋಡಿ. ಚಿಗುರೂ ಒಣಗಿದ ಎಲೆ ರಾಶಿಯೂ ಒಟ್ಟಿಗೆ ಬಂದರೆ, ಕಂಡದ್ದಾ ಕಲ್ಪಿಸಿದ್ದಾ ಎಂದು ಕೇಳಿ. ಕೆಲವು ಮರಗಳ ಕೆಳಗೆ ಅದು ನಿಜವೂ ಆಗಿರಬಹುದು.

ಪ್ರಾಸ?

ಬೇಡ. ಹದಿನೇಳು ಅಕ್ಷರದಲ್ಲಿ ಪ್ರಾಸ ಹುಡುಕಲು ಹೋದರೆ ಪದಗಳು ನಿಮ್ಮನ್ನು ಎಳೆದುಕೊಂಡು ಹೋಗುತ್ತವೆ.

ಒಂದು ಅಕ್ಷರ ಹೆಚ್ಚಾದರೆ ವಾಪಸ್ ಕಳಿಸಬೇಕಾ?

ಬಾಶೋ ಒಣ ಕೊಂಬೆಯ ಮೇಲೆ ಕೂತ ಕಾಗೆಯ ಬಗ್ಗೆ ಬರೆದ ಹೈಕುವಿನ ನಡುವಿನ ಸಾಲು ಏಳನ್ನು ದಾಟಿ ಒಂಬತ್ತಕ್ಕೆ ಹೋಗುತ್ತದೆ. ಹೀಗೆ ಮೀರುವುದಕ್ಕೆ ಅಲ್ಲಿ ಒಂದು ಹೆಸರೂ ಇದೆ. ಅಂದರೆ ಅದು ಅವರಿಗೆ ಹೊಸದಲ್ಲ.

ಆದರೆ ಪತ್ರಿಕೆ ‘5–7–5’ ಎಂದು ಪ್ರಕಟಣೆ ಹಾಕಿದ್ದರೆ, ನಿಯಮ ಪಾಲಿಸಿದ ಉಳಿದ ಮಕ್ಕಳಿಗೆ ಅನ್ಯಾಯವಾಗಬಾರದು. ಎಲ್ಲಿ ಹೆಚ್ಚಾಗಿದೆ ಎಂದು ಗೆರೆ ಎಳೆದು ಹಿಂದಿರುಗಿಸಿ. ನೀವೇ ತಿದ್ದಬೇಡಿ. ಒಂದು ಅಕ್ಷರ ತೆಗೆಯಲು ಹೋಗಿ ಮಗು ಇಡೀ ಸಾಲನ್ನೇ ಬದಲಿಸಿ ತರುವುದುಂಟು. ಎಷ್ಟೋ ಸಲ ಅದು ಮೊದಲಿನದಕ್ಕಿಂತ ಚೆನ್ನಾಗಿರುತ್ತದೆ.

ಶೀರ್ಷಿಕೆ ಕೊಡಬಹುದಾ?

ಹೈಕುವಿಗೆ ಸಾಮಾನ್ಯವಾಗಿ ಶೀರ್ಷಿಕೆ ಇರುವುದಿಲ್ಲ. ಕೊಟ್ಟರೆ ಎಣಿಕೆಯ ಹೊರಗೆ ಇನ್ನೊಂದಿಷ್ಟು ಅಕ್ಷರ ನುಸುಳಿದಂತೆ. ‘ಮಳೆಯ ಸೊಬಗು’ ಎಂದು ಮೇಲೆ ಹಾಕಿದರೆ ನೀವು ಹೊಡೆದುಹಾಕಿದ ಪದಗಳು ಹಿಂಬಾಗಿಲಿನಿಂದ ಒಳಗೆ ಬಂದವು. ಕವಿತೆಯ ಕೆಳಗೆ ಮಗುವಿನ ಹೆಸರು, ತರಗತಿ ಸಾಕು.

ಅಚ್ಚಿಗೆ ಹೋಗುವಾಗ ಏನು ನೋಡಿಕೊಳ್ಳಬೇಕು?

ಕರಡು ತಿದ್ದುವವರಿಗೆ ಮೊದಲೇ ಹೇಳಿ, ಸಂಧಿ ಬಿಡಿಸಬಾರದು ಅಂತ. ಗದ್ಯ ತಿದ್ದಿ ಅಭ್ಯಾಸವಾದವರು ‘ಮರದಲ್ಲೊಂದು’ ಕಂಡ ತಕ್ಷಣ ಒಳ್ಳೆಯ ಮನಸ್ಸಿನಿಂದಲೇ ‘ಮರದಲ್ಲಿ ಒಂದು’ ಮಾಡುತ್ತಾರೆ. ಅಲ್ಲಿಗೆ ಏಳು ಎಂಟಾಯಿತು, ಬೈಗುಳ ಮಗುವಿಗೆ. ‘ಬಿತ್ತು’ವನ್ನು ‘ಬಿದ್ದಿತು’ ಮಾಡುವುದೂ ಹಾಗೆಯೇ: ಎರಡು ಮೂರಾಗುತ್ತದೆ.

ಕಾಲಂ ಕಿರಿದಾಗಿದ್ದರೆ ನಡುವಿನ ಸಾಲು ಮುರಿದು ಕೊನೆಯ ಪದ ಕೆಳಗೆ ಬೀಳುತ್ತದೆ, ಮೂರು ಸಾಲು ನಾಲ್ಕಾಗುತ್ತದೆ. ಅಕ್ಷರದ ಗಾತ್ರ ಇಳಿಸಿ, ಇಲ್ಲವೇ ಕವಿತೆಗಳಿಗೆ ಅಗಲವಾದ ಜಾಗ ಕೊಡಿ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸಿದ್ದರೆ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ಬದಲಿಸುವಾಗ ಒತ್ತು ಕಳಚಿ ಪಕ್ಕದಲ್ಲಿ ಬಿಡಿ ಅಕ್ಷರವಾಗಿ ನಿಂತರೆ, ಕಪ್ಪೆ ಎರಡಕ್ಷರದಿಂದ ಮೂರಕ್ಕೆ ಹೋಗಿರುತ್ತದೆ. ಅಚ್ಚಿಗೆ ಕೊಡುವ ಕೊನೆಯ ಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಬೆರಳಿನಲ್ಲಿ ಎಣಿಸಲಿ.